ಸಿಂಹದ ಹೋಳಿಗೆ

ಇನ್‌ಸ್ಟಾಗ್ರಾಮ್‌ನಲ್ಲಿ ಹೋಳಿಗೆ ಮಾರಲು ಹೊರಟ ಮಾವ, ಹೆಸರಿನ ಜಾಗದಲ್ಲಿ ‘ಒಂಟಿ ಸಿಂಹ’ ಎಂದು ಬರೆದಿದ್ದರು.

“ಮಾವ, ಹೋಳಿಗೆ ಬೇಕಾದವರು ಸಿಂಹ ಅಂತ ಹುಡುಕ್ತಾರಾ? ಹುಡುಕಿದಾಗ ಸಿಗೋದಕ್ಕೆ ಈ ಹೆಸರೂ ಲೆಕ್ಕಕ್ಕೆ ಬರುತ್ತೆ. ‘ರಾಯರ ಹೋಳಿಗೆ, ಮೈಸೂರು’ ಅಂತ ಹಾಕಿ.”

“ಅದರಲ್ಲಿ ಗತ್ತೆಲ್ಲಿ? ಹೋಗಲಿ, ಬಯೋದ ಮೊದಲ ಸಾಲು ಕೇಳು: ‘ಕನಸುಗಾರ, ಮಾನವತಾವಾದಿ, ಬದುಕಿನ ಪಯಣಿಗ.’”

“ಬೇಳೆ ಎಲ್ಲಿ, ಬೆಲ್ಲ ಎಲ್ಲಿ? ಇರೋದೇ 150 ಅಕ್ಷರ. ‘ಬೆಳಿಗ್ಗೆ ಹೇಳಿ, ಸಂಜೆ ಬಿಸಿ ಹೋಳಿಗೆ ಮನೆ ಬಾಗಿಲಿಗೆ’ ಅಂತ ಬರೀರಿ. ಹಸಿದವರ ಬೆರಳು ಅಲ್ಲೇ ನಿಲ್ಲುತ್ತೆ.”

“ಮತ್ತೆ ಮಾನವತಾವಾದ?”

“ತುಪ್ಪ ಧಾರಾಳವಾಗಿ ಹಾಕಿ, ಸಾಕು.”

ಮಾವ ಹೆಸರು ಬದಲಿಸಲು ಹೋದರು. 14 ದಿನದಲ್ಲಿ ಎರಡೇ ಸಲ ಅವಕಾಶ. ಮೊದಲು ಹುಲಿಯಾಗಿ, ಆಮೇಲೆ ಸಿಂಹವಾಗಿ ಎರಡನ್ನೂ ಮುಗಿಸಿದ್ದರು.

“ಅಲ್ಲೀವರೆಗೆ ಏನಯ್ಯಾ ಮಾಡೋದು?”

“ಸಿಂಹವೇ ಹೋಳಿಗೆ ತಟ್ಟಲಿ, ಮಾವ.”