ಮಾಸ್ಟರ ಪಂಚಾಂಗ

ತಿಂಗಳಿಗೆ ಮೂವತ್ತು ಪೋಸ್ಟ್ ಎಂದು ಭರವಸೆ ಕೊಡುವ ಸಿದ್ಧ ಕ್ಯಾಲೆಂಡರುಗಳು ಈಗ ಧಾರಾಳವಾಗಿ ಸಿಗುತ್ತವೆ. ಆಗಸ್ಟ್ ತಿಂಗಳದ್ದನ್ನು ತೆರೆದರೆ ಮೊದಲ ಭಾನುವಾರ ಗೆಳೆತನದ ದಿನ, 12ಕ್ಕೆ ವಿಶ್ವ ಆನೆ ದಿನ, 19ಕ್ಕೆ ಛಾಯಾಗ್ರಹಣ ದಿನ. ಆನೆಗೂ ಬಟ್ಟೆ ಬೊಟಿಕ್ಕಿಗೂ ಇರುವ ನಂಟು ಸೀರೆಯಂಚಿನ ಆನೆಸಾಲಿನಷ್ಟೇ ಆದರೂ, ಆ ದಿನ ಆನೆಗೆ ಶುಭಾಶಯ ಕೋರದಿದ್ದರೆ ವ್ಯಾಪಾರ ಕುಸಿದೀತು ಎಂಬ ಭಯದಲ್ಲಿ ಎಷ್ಟೋ ಅಂಗಡಿಗಳ ಇನ್‌ಸ್ಟಾಗ್ರಾಂ ಪುಟಗಳು ಬದುಕುತ್ತಿವೆ. ಆನೆ ಬ್ಲೌಸ್ ಹೊಲಿಸುವುದಿಲ್ಲ. ಸಣ್ಣ ಬೊಟಿಕ್ಕಿನ ತಿಂಗಳ ಪಟ್ಟಿ ಶುರುವಾಗಬೇಕಾದದ್ದು ದಿನಾಚರಣೆಗಳಿಂದಲ್ಲ, ಹಿಂದುಗಡೆ ಕೋಣೆಯಲ್ಲಿ ಕೂತ ಟೈಲರ್ ಮಾಸ್ಟರ ಮಿಷಿನ್ನಿನಿಂದ ಎಂಬುದು ನನ್ನ ವಾದ. ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬಂದರೆ ಯಾವ ದಿನ ಏನು ಹಾಕಬೇಕೆಂಬುದು ಹೆಚ್ಚುಕಡಿಮೆ ತಾನಾಗಿ ಗೊತ್ತಾಗುತ್ತದೆ.

ಶಿವಮೊಗ್ಗದಂಥ ಊರಿನ ಒಂದು ಬೊಟಿಕ್ ಎಂದಿಟ್ಟುಕೊಳ್ಳಿ. ಗಲ್ಲಾದಲ್ಲಿ ಒಡತಿ, ಕೌಂಟರಿನಲ್ಲಿ ಒಬ್ಬ ಹುಡುಗಿ, ಒಳಗೆ ಮಾಸ್ಟರು. ಮಾರುವುದು ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಒಂದಿಷ್ಟು ಕುರ್ತಿ. ಉದಾಹರಣೆಗೆ 2025ನೇ ಇಸವಿಯನ್ನೇ ನೋಡೋಣ. ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 8, ಶುಕ್ರವಾರ. ಹಬ್ಬಕ್ಕೆ ಸೀರೆಯೊಂದೇ ಸಾಲದು. ಬ್ಲೌಸ್ ಬೇಕು, ಫಾಲ್ಸ್ ಬೇಕು, ಸೆರಗಿಗೆ ಕುಚ್ಚು ಬೇಕು. ಮಾಸ್ಟರು ದಿನಕ್ಕೆ ನಾಲ್ಕು ಲೈನಿಂಗ್ ಬ್ಲೌಸ್ ಹೊಲಿಯುತ್ತಾರೆ, ಭಾನುವಾರ ಬರುವುದಿಲ್ಲ ಎಂದುಕೊಂಡರೆ, ಜುಲೈ 25ರಿಂದ ಆಗಸ್ಟ್ 5ರವರೆಗೆ ಸಿಗುವುದು ಹತ್ತು ದಿನ, ಅಂದರೆ ನಲವತ್ತು ಬ್ಲೌಸ್. ಉಳಿದೆರಡು ದಿನ ‘ತೋಳು ಒಂಚೂರು ಬಿಗಿ’ ಎನ್ನುವವರಿಗೆ. ಆ ಜುಲೈ 25ರಂದೇ ಶ್ರಾವಣ ಹುಟ್ಟಿತು. ಹಿಂದಿನ ದಿನ ಭೀಮನ ಅಮಾವಾಸ್ಯೆ. ಅಂದಮೇಲೆ ಗಂಡನ ಪಾದಪೂಜೆ ಮುಗಿಯುವಷ್ಟರಲ್ಲಿ ಅಳತೆ ಬ್ಲೌಸುಗಳು ಅಂಗಡಿ ಸೇರಿರಬೇಕು. ಅದಕ್ಕೆ ಎರಡು ವಾರ ಮೊದಲು, ಜುಲೈ 10ರ ಸುಮಾರಿಗೆ, ಸೀರೆಗಳು ಜನರ ಮೊಬೈಲಿನಲ್ಲಿ ಕಾಣತೊಡಗಬೇಕು. ಅಂದರೆ ಫೋಟೊ ತೆಗೆಯುವ ಕೆಲಸ ಜುಲೈ ಮೊದಲ ವಾರದ್ದು, ಸರಕು ಬರಬೇಕಾದದ್ದು ಜೂನ್ ಕೊನೆಗೆ. ಆಗಸ್ಟ್ ಹಬ್ಬದ ಪಟ್ಟಿಯನ್ನು ಆಗಸ್ಟ್ 1ರಂದು ಬರೆಯಲು ಕೂತವರು ಹಬ್ಬ ಕಳೆದ ಮೇಲೆ ಉಡುವ ಸೀರೆಗೆ ಪ್ರಚಾರ ಮಾಡುತ್ತಾರೆ.

ಈ ಲೆಕ್ಕದಲ್ಲಿ ಇನ್ನೊಂದು ಉಪಕಾರವೂ ಇದೆ. ಜೂನ್ 26ರಿಂದ ಜುಲೈ 24ರವರೆಗೆ ಆಷಾಢ. ಮದುವೆಯಿಲ್ಲ, ಗಿರಾಕಿ ಕಡಿಮೆ, ಕೌಂಟರಿನ ಹುಡುಗಿ ಹ್ಯಾಂಗರ್ ಎಣಿಸುತ್ತ ನಿಂತಿರುತ್ತಾಳೆ. ಆ ಬೇಸರದ ಬಿಡುವೇ ಇಂಥ ಅಂಗಡಿಯ ಬಂಡವಾಳ. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಬಾಗಿಲ ಪಕ್ಕದ ಬೆಳಕಿನಲ್ಲಿ ಬೊಂಬೆ ನಿಲ್ಲಿಸಿ, ಇಸ್ತ್ರಿ, ನೆರಿಗೆ, ಪೂರ್ತಿ ಸೀರೆಯದೊಂದು ಫೋಟೊ, ಸೆರಗಿನದೊಂದು, ಕೈಯಲ್ಲಿ ಹಿಡಿದು ಮಡಿಕೆ ಬಿಚ್ಚುವ ಹದಿನೈದು ಸೆಕೆಂಡಿನ ವಿಡಿಯೊ ಎಂದರೆ ಒಂದಕ್ಕೆ ಹತ್ತು ನಿಮಿಷ. ಒಂದು ಬೆಳಿಗ್ಗೆಗೆ ಹನ್ನೆರಡು ಸೀರೆ. ವಾರಕ್ಕೆ ಮೂರರಂತೆ ತಿಂಗಳಿಗೆ ಬೇಕಾದದ್ದೂ ಹನ್ನೆರಡು. ಇದೇ ಕೆಲಸವನ್ನು ದಿನಕ್ಕೊಂದರಂತೆ ಮಾಡಹೊರಟರೆ ಪ್ರತಿದಿನ ಬೊಂಬೆ ಹುಡುಕಬೇಕು, ಇಸ್ತ್ರಿಪೆಟ್ಟಿಗೆ ಕಾಯಬೇಕು, ಅಷ್ಟರಲ್ಲಿ ಗಿರಾಕಿ ಬಂದು ಬೊಂಬೆಯ ಮೈಮೇಲಿನದೇ ಬೇಕೆನ್ನಬೇಕು.

ಗಿರಾಕಿಯ ಈ ಹಟದಿಂದಲೇ ಪಟ್ಟಿಯ ಅತಿ ಮುಖ್ಯ ಅಂಕಣ ಹುಟ್ಟುತ್ತದೆ. ದಿನಾಂಕ, ಉಡುಪು, ಬೆಲೆ, ಚಿತ್ರ ಎಂದು ಎಲ್ಲರೂ ಬರೆಯುತ್ತಾರೆ. ‘ಎಷ್ಟಿದೆ’ ಎಂದು ಬರೆಯುವವರು ವಿರಳ. ಬೊಟಿಕ್ಕಿನ ಸೀರೆಗಳಲ್ಲಿ ಅರ್ಧದಷ್ಟು ಒಂದೊಂದೇ ಇರುತ್ತವೆ. ಅಂಥದೊಂದನ್ನು ಸಂಜೆ ಏಳಕ್ಕೆ ಪ್ರಕಟವಾಗುವಂತೆ ಷೆಡ್ಯೂಲ್ ಮಾಡಿಟ್ಟಿರುತ್ತೀರಿ; ಮಧ್ಯಾಹ್ನ ಯಾರೋ ಬಂದು ಕೊಂಡುಹೋಗುತ್ತಾರೆ; ಸಂಜೆ ಪೋಸ್ಟ್ ಮಾತ್ರ ಹೇಳಿದ ಹೊತ್ತಿಗೆ ಹಾಜರು. ಆಮೇಲೆ ರಾತ್ರಿಯೆಲ್ಲ ‘ಪ್ರೈಸ್ ಪ್ಲೀಸ್’, ‘ಇದೇ ಕಲರ್ ಇದೆಯಾ’. ಇಲ್ಲದ ಸೀರೆಗೆ ಇರುವ ಒಡತಿ ಉತ್ತರ ಬರೆಯುತ್ತ ಕೂರಬೇಕು. ಕನಿಷ್ಠ ನಾಲ್ಕು ಇರುವ ಸರಕು, ಇಲ್ಲವೇ ಖಣದ ಬ್ಲೌಸಿನಂತೆ ಹೇಳಿದ ಮೇಲೆ ಹೊಲಿದುಕೊಡುವ ಸರಕು ಮಾತ್ರ ಷೆಡ್ಯೂಲಿಗೆ ಲಾಯಕ್ಕು. ಒಂಟಿ ಸೀರೆಗಳು ಅವತ್ತವತ್ತೇ ವಾಟ್ಸಾಪ್ ಸ್ಟೇಟಸ್ಸಿಗೆ ಹೋಗಲಿ. ಅದು ಇಪ್ಪತ್ತನಾಲ್ಕು ಗಂಟೆಯಲ್ಲಿ ತಾನೇ ಅಳಿಸಿಹೋಗುವುದರಿಂದ ಮಾರಿಹೋದ ಸೀರೆ ಪುಟದಲ್ಲಿ ಕೂತು ತಿಂಗಳುಗಟ್ಟಲೆ ಅಣಕಿಸುವುದಿಲ್ಲ. ಪಟ್ಟಿ ದಾರಿ ತಪ್ಪಿದೆಯೆಂದು ತಿಳಿಯುವುದು ಲೈಕುಗಳಿಂದಲ್ಲ. ‘ಸೋಲ್ಡ್ ಔಟ್ ಅಕ್ಕಾ, ಸಾರಿ’ ಎಂದು ವಾರದಲ್ಲಿ ಎಷ್ಟು ಸಲ ಟೈಪಿಸಬೇಕಾಯಿತು ಎಂಬುದರಿಂದ.

ದಿನವೂ ಹಾಕದಿದ್ದರೆ ಆಲ್ಗಾರಿದಂ ಮುನಿಸಿಕೊಳ್ಳುತ್ತದೆ ಎನ್ನುವವರಿದ್ದಾರೆ. ಮುನಿಸು ನಿಜವೇ ಇರಬಹುದು; ಒಲಿದರೆ ಏನು ಗತಿ ಎಂದೂ ಯೋಚಿಸಬೇಕು. ಸೀರೆ ಉಡಿಸುವ ಒಂದು ವಿಡಿಯೊ ಲಕ್ಷ ಜನರಿಗೆ ಮುಟ್ಟಿ ಅವರಲ್ಲಿ ಇನ್ನೂರು ಮಂದಿ ಬ್ಲೌಸ್ ಕೇಳಿದರೂ ಮಾಸ್ಟರ ಹತ್ತು ದಿನದಲ್ಲಿ ಇರುವುದು ನಲವತ್ತೇ. ಉಳಿದ ನೂರ ಅರವತ್ತು ಮಂದಿ ಆ ಅಂಗಡಿಯನ್ನು ನೆನೆಯುವ ಬಗೆ ಒಳ್ಳೆಯದಾಗಿರುವುದಿಲ್ಲ. ನಲವತ್ತು ತುಂಬಿದ ದಿನ ‘ಹೊಲಿಗೆ ಬುಕಿಂಗ್ ಮುಗಿದಿದೆ’ ಎಂದು ಒಂದು ಸಾಲು ಹಾಕಿ, ರೆಡಿಮೇಡ್ ಬ್ಲೌಸು, ಮಕ್ಕಳ ಲಂಗ, ಕುರ್ತಿಗಳ ಕಡೆ ತಿರುಗುವುದು ಜಾಣತನ. ಬೆಲೆ ಬರೆದರೆ ಎದುರಂಗಡಿಯವರು ನೋಡುತ್ತಾರೆ ಎಂಬ ಇನ್ನೊಂದು ಆಕ್ಷೇಪವಿದೆ. ಎದುರಂಗಡಿಯವರಿಗೆ ಬೆಲೆ ಮೊದಲೇ ಗೊತ್ತು. ತಿಳಿಯದಿರುವುದು ಗಿರಾಕಿಗೆ ಮಾತ್ರ. ಉತ್ತರಿಸಲು ಪ್ರತ್ಯೇಕ ಆಳಿಲ್ಲದ ಕಡೆ ಬೆಲೆ ಮುಚ್ಚಿಡುವುದೆಂದರೆ ಸಂಬಳವಿಲ್ಲದ ಹೊಸ ಕೆಲಸವೊಂದನ್ನು ಒಡತಿಯೇ ತನಗೆ ಕೊಟ್ಟುಕೊಂಡಂತೆ. ಎಲ್ಲವನ್ನೂ ಏಜೆನ್ಸಿಗೆ ಒಪ್ಪಿಸಿಬಿಡಿ ಎನ್ನುವವರೂ ಉಂಟು. ಒಪ್ಪಿಸಬಹುದು, ಆದರೆ ಎಷ್ಟಿದೆ ಎಂಬ ಅಂಕಣವನ್ನು ತುಂಬಲು ಅವರೂ ಫೋನ್ ಮಾಡುವುದು ಅದೇ ಕೌಂಟರಿನ ಹುಡುಗಿಗೆ.

ಹಾಗೆಂದು ದಿನಾಚರಣೆಗಳೆಲ್ಲ ನಿರುಪಯೋಗಿ ಎಂದಲ್ಲ. ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ; 1905ರ ಸ್ವದೇಶಿ ಚಳವಳಿಯ ನೆನಪಿಗೆ 2015ರಿಂದ ಆಚರಿಸುತ್ತಾರೆ. ಇಳಕಲ್ ಮಾರುವವರಿಗೆ ಆನೆಗಿಂತ ಇದು ಹತ್ತಿರದ ಬಂಧು. ತೊಡಕೆಂದರೆ ಅದು ಹಬ್ಬದ ಹಿಂದಿನ ದಿನ. ಕೌಂಟರಿನಲ್ಲಿ ಉಸಿರಾಡಲು ಜಾಗವಿರುವುದಿಲ್ಲ. ಇಂಥದನ್ನೇ ಆಷಾಢದಲ್ಲಿ ಚಿತ್ರಿಸಿ, ಸಾಲು ಬರೆದು, ಷೆಡ್ಯೂಲ್ ಮಾಡಿಡಬೇಕು. ಆದರೆ ಮಗ್ಗ ಯಾವುದೆಂದು ನೇಕಾರರನ್ನೋ ಸಗಟು ವ್ಯಾಪಾರಿಯನ್ನೋ ಕೇಳಿಕೊಂಡು. ಪವರ್‌ಲೂಮಿನ ಸೀರೆಗೆ ಕೈಮಗ್ಗದ ಶುಭಾಶಯ ಹಾಕಿದರೆ ಕಾಮೆಂಟಿನಲ್ಲಿ ಪಾಠ ಹೇಳಲು ಊರಿಗೊಬ್ಬರು ಕಾದೇ ಇರುತ್ತಾರೆ.

ಹಬ್ಬದ ಮರುದಿನದಿಂದ ಮೂರು ದಿನ ಪಟ್ಟಿಯಲ್ಲಿ ಏನೂ ಬರೆಯಬೇಡಿ. ಗೌರಿ ಹಬ್ಬ ಆಗಸ್ಟ್ 26ಕ್ಕೆ. ಅದರ ಹೊಲಿಗೆ ಬುಕಿಂಗ್ 12ರಂದು ತೆರೆದರೂ ನಡೆದೀತು. ಆ ಮೂರು ದಿನ ಒಡತಿಯ ಕೆಲಸ ಒಂದೇ: ಆರತಿತಟ್ಟೆ ಹಿಡಿದು ನಿಂತ ಫೋಟೊ ಕಳಿಸುವ ಗಿರಾಕಿಗಳನ್ನು, ಪುಟದಲ್ಲಿ ಹಾಕಬಹುದೇ ಎಂದು ಕೇಳುವುದು. ಒಪ್ಪಿದವರ ಚಿತ್ರಗಳು ಮುಂದಿನ ವಾರದ ಮೂರು ಪೋಸ್ಟುಗಳಾದವು. ಇಸ್ತ್ರಿಯೂ ಬೇಡ, ಬೊಂಬೆಯೂ ಬೇಡ. ಒಪ್ಪದವರು ಸಾಮಾನ್ಯವಾಗಿ ಒಂದೇ ಕಾರಣ ಕೊಡುತ್ತಾರೆ: ಬ್ಲೌಸಿನ ತೋಳು ಒಂಚೂರು ಸಡಿಲ.