ಆರನೇ ಅಕ್ಷರದ ಮಾಲೀಕ

ಹೆಗ್ಗನಹಳ್ಳಿ ಕ್ರಾಸ್‌ನಲ್ಲಿ ನಿಂತು ಕತ್ತೆತ್ತಿದರೆ ಇಂಟರ್‌ನ್ಯಾಷನಲ್, ಗ್ಲೋಬಲ್, ಒಲಿಂಪಿಯಾಡ್ ಎಲ್ಲವೂ ಕಾಣುತ್ತವೆ, ಕಾಣದವನು ಮಾಲೀಕನೊಬ್ಬನೇ. ಬೋರ್ಡಿನ ತುಂಬ ರ‍್ಯಾಂಕ್ ಬಂದ ಮಕ್ಕಳ ಮುಖ. ಫೀಸು ಎಣಿಸಿಕೊಂಡವರ ಮುಖಕ್ಕೆ ಜಾಗ ಸಾಲಲಿಲ್ಲವೇನೋ.

ಪೀಣ್ಯದಲ್ಲಿ ಲೇತ್ ನಡೆಸುವ ನಮ್ಮ ಪಕ್ಕದ ಮನೆಯವರು ಸೈಟು ಕೊಳ್ಳುವಾಗ ಮೂವತ್ತು ವರ್ಷದ ಇ.ಸಿ. ತೆಗೆಸಿದ್ದರು. ಮಗನನ್ನು ನೀಟ್ ಕೋಚಿಂಗಿಗೆ ಸೇರಿಸುವಾಗ ತೆಗೆಸಿದ್ದು ಅವನ ಪಾಸ್‌ಪೋರ್ಟ್ ಸೈಜ್ ಫೋಟೋ ಮಾತ್ರ.

“ದೊಡ್ಡ ಟ್ರಸ್ಟಂತೆ ಸಾರ್” ಎಂದರು. ರಸೀದಿ ತರಿಸಿದೆ.

ಕೋಚಿಂಗಿಗೆ ಶೇ. 18 ಜಿಎಸ್‌ಟಿ ಇರುವುದರಿಂದ ರಸೀದಿಯ ಮೇಲೆ ಹದಿನೈದು ಅಕ್ಷರದ ನಂಬರಿತ್ತು. ಮೊದಲಿನ 29 ಎಂದರೆ ಕರ್ನಾಟಕ. ಮುಂದಿನ ಹತ್ತು ಪ್ಯಾನ್. ಆ ಪ್ಯಾನಿನ ನಾಲ್ಕನೆಯದು, ಅಂದರೆ ಇಡೀ ನಂಬರಿನ ಆರನೆಯ ಅಕ್ಷರವೇ ಸಂಸ್ಥೆಯ ಜಾತಿ ಪ್ರಮಾಣಪತ್ರ: T ಆದರೆ ಟ್ರಸ್ಟ್, C ಕಂಪನಿ, F ಪಾಲುದಾರಿಕೆ, P ಒಬ್ಬ ವ್ಯಕ್ತಿ. ಇವರದು P. ಜಿಎಸ್‌ಟಿ ತಾಣದ Search Taxpayer ಪುಟದಲ್ಲಿ ನಂಬರು ಹಾಕಿದೆ. Trade Name ಜಾಗದಲ್ಲಿ ಬೋರ್ಡಿನ ಹೆಸರು, Legal Name ಜಾಗದಲ್ಲಿ ಒಬ್ಬ ಮಹಾಶಯರು. ಅವರೊಬ್ಬರೇ ಸ್ಥಾಪಕರು, ಅವರೊಬ್ಬರೇ ಟ್ರಸ್ಟು!

ಅದರಲ್ಲಿ ಅಪರಾಧವೇನಿಲ್ಲ, ಕೋಚಿಂಗ್ ವ್ಯಾಪಾರವೇ. ಆದರೆ ನಾಳೆ ಶಟರ್ ಎಳೆದರೆ ನೋಟಿಸು ಕಳಿಸಬೇಕಾದ್ದು ಅವರ ಹೆಸರಿಗೆ, ಬೋರ್ಡಿಗಲ್ಲ. 2024ರ ಜುಲೈನಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ ದಿವಾಳಿ ಪ್ರಕ್ರಿಯೆಗೆ ಒಪ್ಪಿದ್ದು ‘ಥಿಂಕ್ ಅಂಡ್ ಲರ್ನ್ ಪ್ರೈವೇಟ್ ಲಿಮಿಟೆಡ್’ ವಿರುದ್ಧ. ಊರೆಲ್ಲ ಕರೆಯುತ್ತಿದ್ದದ್ದು ಬೈಜೂಸ್ ಎಂದು. ಸುಮಾರು 158 ಕೋಟಿ ಬಾಕಿಗೆ ಮೊರೆಹೋದ ಕ್ರಿಕೆಟ್ ಮಂಡಳಿಗೆ ಯಾವ ಹೆಸರಿನ ಮೇಲೆ ಹೋಗಬೇಕೆಂದು ಗೊತ್ತಿತ್ತು.

ಶಾಲೆಗಳದು ಇನ್ನೂ ನಾಜೂಕು. ಪಾಠದ ಫೀಸಿಗೆ ಜಿಎಸ್‌ಟಿ ಇಲ್ಲ, ಹಾಗಾಗಿ ಆರನೇ ಅಕ್ಷರವೂ ಸಿಗದು. ಸಿಬಿಎಸ್‌ಇ ಶಾಲೆಯನ್ನು ಲಾಭ ಹಂಚಿಕೊಳ್ಳದ ಟ್ರಸ್ಟ್, ಸೊಸೈಟಿ ಅಥವಾ ಸೆಕ್ಷನ್ 8 ಕಂಪನಿಯೇ ನಡೆಸಬೇಕು. ಅದರ ನೋಂದಣಿ ಪತ್ರವನ್ನು ಶಾಲೆ ತನ್ನದೇ ತಾಣದಲ್ಲಿ Mandatory Public Disclosure ಎಂಬಲ್ಲಿ ತೋರಿಸಬೇಕು. ಅಲ್ಲಿನ ಹೆಸರನ್ನು ಫೀಸಿನ ರಸೀದಿಗೂ, ಯೂನಿಫಾರ್ಮ್ ಬಿಲ್ಲಿಗೂ ಹಿಡಿದು ನೋಡಿ. ಪಾಠ ಟ್ರಸ್ಟಿನದು, ಶೂ-ಸಾಕ್ಸು ಯಾವುದೋ ಎಂಟರ್‌ಪ್ರೈಸಸ್‌ನದು, ಕಟ್ಟಡದ ಬಾಡಿಗೆ ಅಧ್ಯಕ್ಷರ ಶ್ರೀಮತಿಯವರಿಗೆ ಎಂದಾದರೆ ಲಾಭವಿಲ್ಲದ ಸೇವೆ ಎಷ್ಟು ಲಾಭದಾಯಕ ಎಂಬುದು ತಿಳಿಯುತ್ತದೆ.

ಟ್ರಸ್ಟ್ ಡೀಡನ್ನೇ ನೋಡುತ್ತೇನೆಂದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದಿರೋ, ಜಮೀನಿನ ಪ್ರಸ್ತಾಪವಿಲ್ಲದ ಡೀಡು ನಾಲ್ಕನೇ ಪುಸ್ತಕದಲ್ಲಿರುತ್ತದೆ. ಅದರ ನಕಲು ಸಂಬಂಧಪಟ್ಟವರಿಗೆ ಮಾತ್ರ. ಹನ್ನೆರಡು ವರ್ಷ ಫೀಸು ಕಟ್ಟುವ ಅಪ್ಪ ಅದಕ್ಕೆ ಸಂಬಂಧಪಟ್ಟವನಲ್ಲ.

ಪಕ್ಕದ ಮನೆಯವರು ರಸೀದಿಯನ್ನು ತಿರುಗಿಸಿ ಕೆಳಗಿನ ಸಣ್ಣಕ್ಷರ ಓದಿದರು: ಒಮ್ಮೆ ಕಟ್ಟಿದ ಹಣ ವಾಪಸಿಲ್ಲ.

“ಇದನ್ನ ಹೇಳ್ತಿರೋದು ಯಾರು ಸಾರ್,” ಅಂದರು, “ಟ್ರಸ್ಟಾ, ಆವಯ್ಯನಾ?”