ಹಾಜರಿ ಐದು, ಬೆಂಚು ಒಂದು

ನಾನು ನಿವೃತ್ತನಾದ ವರ್ಷ ಮಗ ಮನೆಗೆ ದೊಡ್ಡ ಟಿವಿ ತಂದು ಒಂದು ಓಟಿಟಿಯನ್ನೂ ಹಾಕಿಸಿಕೊಟ್ಟ. ಪ್ಲಾನ್ ಆರಿಸಿದ್ದು ಮಾತ್ರ ನಾನೇ. ತಿಂಗಳಿಗೆ 199 ರೂಪಾಯಿ ಅಂತ ಕಂಡಿತು, ಒತ್ತಿಬಿಟ್ಟೆ. ಅದರ ಕೆಳಗಿನ ಸಣ್ಣ ಅಕ್ಷರ ಓದಲಿಲ್ಲ. ಪರೀಕ್ಷಾ ಕೊಠಡಿಯಲ್ಲಿ "ಮೊದಲು ಸೂಚನೆ ಓದ್ರೋ" ಎಂದು 34 ವರ್ಷ ಗಂಟಲು ಹರಿದುಕೊಂಡವನು ನಾನೇ.

ಏಪ್ರಿಲ್ ರಜೆಗೆ ಮೊಮ್ಮಕ್ಕಳು ಮೂವರು ಬಂದರು. ಬಂದ ಅರ್ಧ ಗಂಟೆಯಲ್ಲಿ ಒಬ್ಬೊಬ್ಬರ ಹೆಸರಿಗೂ ಒಂದೊಂದು ಪ್ರೊಫೈಲ್ ಎದ್ದಿತು. ನಾನು, ಇವಳು ಸೇರಿ ಐದು. ನನಗೂ ಹೆಮ್ಮೆಯಾಯಿತು. ಹಾಜರಿ ಪುಸ್ತಕದಲ್ಲಿ ಐದು ಹೆಸರಿದ್ದರೂ ತರಗತಿಯಲ್ಲಿ ಇರುವುದು ಒಂದೇ ಬೆಂಚು ಎಂಬುದು ಸಂಜೆ ತಿಳಿಯಿತು. ದೊಡ್ಡವಳು ಟಿವಿಯಲ್ಲಿ ಕಾರ್ಟೂನ್ ಹಾಕಿದರೆ, ನಿಮ್ಮ ಖಾತೆಯನ್ನು ಈಗ ಬಹಳ ಜನ ಬಳಸುತ್ತಿದ್ದಾರೆ ಎಂಬ ಸಾಲು ಬಂತು. ಬಹಳ ಜನ ಅಂದರೆ ಇಬ್ಬರು!

"ಯಾರೋ ಅದು?" ಅಂತ ಗದರಿದೆ. ಇಬ್ಬರು ಹುಡುಗರೂ ಮೊಬೈಲ್ ಮೇಲೆತ್ತಿ ತೋರಿಸಿದರು, ಎರಡೂ ಆರಿದ್ದವು. ಅಡುಗೆಮನೆಯಲ್ಲಿ ಇವಳ ಫೋನು ಚಾರ್ಜಿಗಿತ್ತು. ಪಾಸ್‌ವರ್ಡ್ ಕದ್ದವರು ಯಾರೋ ಇರಬೇಕೆಂದು ಪಕ್ಕದ ಮನೆಯ ಕಡೆ ಒಮ್ಮೆ ನೋಡಿದ್ದೂ ಆಯಿತು. ಅಷ್ಟರಲ್ಲಿ ಕಿರಿಯವನು ಪರದೆಯ ಹತ್ತಿರ ಹೋಗಿ, ಆ ಸಾಲಿನ ಕೆಳಗಿದ್ದ ಫೋನಿನ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿದ. "ತಾತಾ, ಇದು ನಿಮ್ಮದೇ!"

ಮಧ್ಯಾಹ್ನ ಆರಾಮ ಕುರ್ಚಿಯಲ್ಲಿ ಹಳೇ ಸಿನಿಮಾ ಹಾಕಿ ನಿದ್ದೆ ಹೋಗಿದ್ದೆ. ಎದ್ದು ಕಾಫಿಗೆ ಹೋದಾಗ ಫೋನು ದಿಂಬಿನಡಿ ಉಳಿದು, ಯಾರೂ ನೋಡದ ಸಿನಿಮಾ ಓಡುತ್ತಲೇ ಇತ್ತು. ನಿಲ್ಲಿಸಿದೆ. ಆದರೂ ಟಿವಿ ಕೂಡಲೇ ಒಪ್ಪಲಿಲ್ಲ. ಬೆಂಚು ಖಾಲಿಯಾದದ್ದು ಹೆಡ್ಡಾಫೀಸಿಗೆ ಗೊತ್ತಾಗಲು ನಾಲ್ಕಾರು ನಿಮಿಷ ಬೇಕಂತೆ.

"ಎರಡು ಪರದೆಯದ್ದು 499 ಅಷ್ಟೇ ತಾತ" ಎಂದಳು ದೊಡ್ಡವಳು. ಲೆಕ್ಕದ ಮೇಷ್ಟ್ರಿಗೇ ಲೆಕ್ಕ! ಹತ್ತು ದಿನದ ರಜೆಗೆ ತಿಂಗಳಿಡೀ 300 ಹೆಚ್ಚೇ? ಬದಲಿಗೆ ರಟ್ಟಿನ ಮೇಲೆ ಸ್ಕೇಲಿಟ್ಟು ಗೆರೆ ಎಳೆದು ವೇಳಾಪಟ್ಟಿ ಬರೆದೆ. ಕಿರಿಯವನಿಗೆ ಬೆಳಿಗ್ಗೆ, ದೊಡ್ಡವರಿಬ್ಬರಿಗೆ ಮಧ್ಯಾಹ್ನ, ಸಂಜೆ ಅಜ್ಜಿಗೆ. ಬರೆದು ಮುಗಿಸಿದಾಗ ನೋಡಿದರೆ ನನಗೇ ಪಿರಿಯಡ್ ಇರಲಿಲ್ಲ.

ಹುಡುಗರಲ್ಲಿ ಒಬ್ಬ ಕನಿಕರಪಟ್ಟು ಉಪಾಯ ಹೇಳಿಕೊಟ್ಟ. ರಾತ್ರಿಯೇ ಸಿನಿಮಾ ಡೌನ್‌ಲೋಡ್ ಮಾಡಿಕೊಂಡು, ಫೋನನ್ನು ಫ್ಲೈಟ್ ಮೋಡಿಗೆ ಹಾಕಿ ನೋಡಬೇಕು. ಆಗ ಫೋನು ಯಾರಿಗೂ ಹಾಜರಿ ಹೇಳುವುದಿಲ್ಲ.

ಮರುದಿನ ಹಾಲು ತರಲು ಹೋದವನು ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ಒಂದೂಕಾಲು ಗಂಟೆ ಸಿನಿಮಾ ನೋಡಿದೆ. ಮನೆ ಗೇಟಿನಲ್ಲೇ ಇವಳು ನಿಂತಿದ್ದಳು.

"ಏನ್ರೀ, ಹನ್ನೊಂದು ಸಲ ಫೋನ್ ಮಾಡಿದೆ. ಮೊಸರೂ ಬೇಕಿತ್ತು."